ಮೊದಲ ಪೇ ಸ್ಲಿಪ್: ಮೂವತ್ತು ಸಾವಿರ ಹದಿನೆಂಟೂವರೆ ಸಾವಿರ ಆಗಿದ್ದು ಹೇಗೆ

2025ರ ಜುಲೈ 31. ಸಂಜೆ ಪೀಣ್ಯದಲ್ಲಿ ಮೆಟ್ರೋ ಹತ್ತಿ, ಬಾಗಿಲ ಪಕ್ಕ ಒರಗಿ ನಿಂತಿದ್ದೆ. ಬ್ಯಾಂಕಿನ ಮೆಸೇಜ್ ಬಂತು. ಖಾತೆಗೆ 18,558 ರೂಪಾಯಿ ಜಮಾ.

ಎರಡು ಸಲ ಓದಿದೆ. ಬೇರೆ ಯಾರದ್ದೋ ಸಂಬಳ ನನ್ನ ಖಾತೆಗೆ ಬಂತಾ ಅಂತ ಅನ್ನಿಸಿತು. ಆಫರ್ ಲೆಟರಿನಲ್ಲಿ ವರ್ಷಕ್ಕೆ 3,60,000 ಅಂತ ಇತ್ತು. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ ಮೂವತ್ತು ಸಾವಿರ. ನಾನು ಸೇರಿದ್ದು ಜುಲೈ 7ಕ್ಕೆ. ಮೊದಲ ಆರು ದಿನದ್ದು ಬರಲ್ಲ ಅಂತ ಗೊತ್ತಿತ್ತು. ಹಾಗೆ ಕಳೆದರೂ ಇಪ್ಪತ್ನಾಲ್ಕು ಸಾವಿರ ಬರಬೇಕು ಅಂದುಕೊಂಡಿದ್ದೆ. ಆ ಇಪ್ಪತ್ನಾಲ್ಕರಲ್ಲಿ ಪಿಜಿಗೆ ಎಂಟೂವರೆ ಸಾವಿರ, ಪಿಜಿ ಅಡ್ವಾನ್ಸಿಗೆ ಅಂತ ಅಪ್ಪ ಕೊಟ್ಟಿದ್ದ ಹತ್ತು ಸಾವಿರ ವಾಪಸ್, ಉಳಿದಿದ್ದು ಬಸ್ಸು, ಮೆಟ್ರೋ, ಊಟ ಅಂತ ಮನಸ್ಸಿನಲ್ಲೇ ಹಂಚಿಟ್ಟಿದ್ದೆ.

ರಾತ್ರಿ ಊರಿಗೆ ಫೋನ್ ಮಾಡಿದೆ. ನಮ್ಮದು ತಿಪಟೂರಿನ ಹತ್ತಿರದ ಹಳ್ಳಿ. ಅಪ್ಪನದ್ದು ತೆಂಗಿನ ತೋಟ. ಮೊತ್ತ ಹೇಳುವಾಗ ಗಂಟಲು ಕಟ್ಟಿತು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಟ್ಟಿ ಕೊಟ್ರಾ?" ಅಂತ ಕೇಳಿದರು.

ಮಂಡಿಗೆ ಕೊಬ್ಬರಿ ಹಾಕಿದಾಗ ಕೊಡುತ್ತಾರಲ್ಲ, ಆ ಪಟ್ಟಿ. ಎಷ್ಟು ಮೂಟೆ, ಎಷ್ಟು ತೂಕ, ಏನು ರೇಟು, ಯಾವುದಕ್ಕೆ ಎಷ್ಟು ಹಿಡಿದರು ಅಂತ ಅದರಲ್ಲಿ ಇರುತ್ತೆ. ಅಪ್ಪ ಅದನ್ನು ಮನೆಗೆ ತಂದು, ಪೆನ್ಸಿಲ್ ಹಿಡಿದು, ಸಾಲು ಸಾಲಿಗೂ ಗುರುತು ಹಾಕುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. "ಕೈಗೆ ಬಂದಿದ್ದು ನೋಡಿ ಅಳ್ಬೇಡ ಕಣಮ್ಮ. ಪಟ್ಟಿ ಬರ್ಲಿ. ಒಂದೊಂದು ಸಾಲೂ ಯಾರಿಗೆ ಹೋಯ್ತು ಅಂತ ಕೇಳು," ಅಂದರು.

ಪಟ್ಟಿ ಬರಲಿಕ್ಕೆ ನಾಲ್ಕು ದಿನ ಆಯಿತು. ಆಗಸ್ಟ್ 4ರ ಸೋಮವಾರ ಈಮೇಲಿನಲ್ಲಿ ಬಂತು, ಆದರೆ ತೆರೆಯಲಿಲ್ಲ. ಪಾಸ್‌ವರ್ಡ್ ಕೇಳಿತು. ಪ್ಯಾನ್ ನಂಬರಿನ ಮೊದಲ ನಾಲ್ಕು ಅಕ್ಷರ, ಜೊತೆಗೆ ಹುಟ್ಟಿದ ದಿನ ಮತ್ತು ತಿಂಗಳು ಅಂತ ಅದೇ ಈಮೇಲಿನ ಕೆಳಗೆ ಸಣ್ಣದಾಗಿ ಬರೆದಿತ್ತು. ಅದನ್ನು ನೋಡದೆ ಅರ್ಧ ಗಂಟೆ ಒದ್ದಾಡಿದೆ. ನಿಮಗೂ ತೆರೆಯದಿದ್ದರೆ ಮೊದಲು ಈಮೇಲನ್ನು ಕೊನೆಯವರೆಗೆ ಓದಿ.

ತೆರೆದ ಮೇಲೆ ಕಂಡಿದ್ದು ಎರಡು ಕಂಬಸಾಲು. ಎಡಕ್ಕೆ ಗಳಿಕೆ, ಬಲಕ್ಕೆ ಕಡಿತ. ಎಡಗಡೆ ಬೇಸಿಕ್ 12,097, ಮನೆ ಬಾಡಿಗೆ ಭತ್ಯೆಯಾದ ಎಚ್‌ಆರ್‌ಎ 4,839, ಸ್ಪೆಷಲ್ ಅಲೋವನ್ಸ್ 3,226. ಒಟ್ಟು 20,162. ಬಲಗಡೆ ಭವಿಷ್ಯ ನಿಧಿಯಾದ ಪಿಎಫ್ 1,452, ಇಎಸ್‌ಐ 152. ಪ್ರೊಫೆಷನಲ್ ಟ್ಯಾಕ್ಸ್ ಸೊನ್ನೆ, ಸಂಬಳದಲ್ಲೇ ಹಿಡಿಯುವ ಆದಾಯ ತೆರಿಗೆಯಾದ ಟಿಡಿಎಸ್ ಸೊನ್ನೆ. ಕೈಗೆ 18,558. ಕೂಡಿ ಕಳೆದು ನೋಡಿದೆ, ಸರಿಯಾಗಿತ್ತು. ಹಾಗಾದರೆ ಮೂವತ್ತು ಸಾವಿರ ಎಲ್ಲಿ ಹೋಯಿತು? ಕಡಿತ ಇರುವುದೇ 1,604. ಉಳಿದ ದೊಡ್ಡ ಮೊತ್ತ ಈ ಹಾಳೆಯಲ್ಲಿ ಕಾಣಿಸಲೇ ಇಲ್ಲ.

ಅದು ಇದ್ದಿದ್ದು ಆಫರ್ ಲೆಟರಿನ ಕೊನೆಯ ಪುಟದಲ್ಲಿ. ಸೇರುವಾಗ ಸಹಿ ಹಾಕಿ ಕೊಟ್ಟಿದ್ದೆ, ಓದಿರಲಿಲ್ಲ. ಫೋನಿನಲ್ಲಿ ಹುಡುಕಿ ತೆಗೆದು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. 3,60,000 ಅನ್ನೋದು ಸಿಟಿಸಿ, ಅಂದರೆ ನನ್ನನ್ನು ಕೆಲಸಕ್ಕೆ ಇಟ್ಟುಕೊಳ್ಳಲು ಕಂಪನಿಗೆ ವರ್ಷಕ್ಕೆ ಆಗುವ ಒಟ್ಟು ಖರ್ಚು. ತಿಂಗಳ ಸಂಬಳವಾಗಿ ಬರುವುದು ಅದರಲ್ಲಿ ಮೂರು ಲಕ್ಷ ಮಾತ್ರ. ಉಳಿದ ಅರವತ್ತು ಸಾವಿರ ನಾಲ್ಕು ಕಡೆ ಹಂಚಿಹೋಗಿತ್ತು.

ಅದರಲ್ಲಿ 24,000 ವೇರಿಯಬಲ್ ಪೇ. ವರ್ಷದ ಕೊನೆಗೆ ಕೆಲಸ ನೋಡಿ ಕೊಡುತ್ತಾರೆ, ಪೂರ್ತಿ ಕೊಡಬೇಕು ಅಂತೇನೂ ಇಲ್ಲ. 21,600 ಕಂಪನಿ ಕಟ್ಟುವ ಪಿಎಫ್ ಪಾಲು. 8,654 ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕೊಡುವ ಮೊತ್ತ. ಇದು ವರ್ಷಕ್ಕೆ ಹದಿನೈದು ದಿನದ ಬೇಸಿಕ್ ಲೆಕ್ಕ. ತಿಂಗಳಿಗೆ 26 ದಿನ ಅಂತ ಹಿಡಿಯುತ್ತಾರೆ, ಹಾಗಾಗಿ 15,000ವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ಈ ಮೊತ್ತ ಬರುತ್ತೆ. ನನ್ನ ಥರ ಕಾಯಂ ಕೆಲಸಕ್ಕೆ ಸೇರಿದವರು ಐದು ವರ್ಷ ಮುಗಿಸದೆ ಬಿಟ್ಟರೆ ಸಾಮಾನ್ಯವಾಗಿ ಇದು ಕೈಗೆ ಸಿಗುವುದಿಲ್ಲ. ಉಳಿದ 5,746 ಆರೋಗ್ಯ ವಿಮೆಯ ಪ್ರೀಮಿಯಂ. ಅದರಲ್ಲಿ ಸೇರಿರುವುದು ನಾನೊಬ್ಬಳೇ, ಅಪ್ಪ ಅಮ್ಮ ಇಲ್ಲ.

ಮೂರು ಲಕ್ಷವನ್ನು ಹನ್ನೆರಡರಿಂದ ಭಾಗಿಸಿದರೆ 25,000. ಬೇಸಿಕ್ 15,000, ಎಚ್‌ಆರ್‌ಎ 6,000, ಸ್ಪೆಷಲ್ ಅಲೋವನ್ಸ್ 4,000. ಇದು ಪೂರ್ತಿ ತಿಂಗಳಿನ ಗ್ರಾಸ್. ಜುಲೈನ 31 ದಿನದಲ್ಲಿ ನನಗೆ ಸಂಬಳ ಬಂದಿದ್ದು 25 ದಿನಕ್ಕೆ. 15,000ವನ್ನು 31ರಿಂದ ಭಾಗಿಸಿ 25ರಿಂದ ಗುಣಿಸಿದೆ. 12,097 ಬಂತು. ಪೇ ಸ್ಲಿಪ್ಪಿನಲ್ಲಿದ್ದದ್ದೂ ಅದೇ. ಆ ಒಂದು ಸಾಲು ಹೊಂದಿದಾಗ ನಾಲ್ಕು ದಿನದಲ್ಲಿ ಮೊದಲ ಸಲ ಉಸಿರು ಸಲೀಸಾಯಿತು. ನಡುವಿನ ಭಾನುವಾರಗಳೂ ಆ 25ರಲ್ಲಿ ಸೇರಿವೆ. ಎಲ್ಲ ಕಂಪನಿಗಳೂ 31ರಿಂದ ಭಾಗಿಸುವುದಿಲ್ಲ. ಕೆಲವು ಕಡೆ 30, ಕೆಲವು ಕಡೆ ಭಾನುವಾರ ಬಿಟ್ಟು 26. ಅದಕ್ಕೇ ಸ್ಲಿಪ್ಪಿನ ಮೇಲ್ಗಡೆ ಪೇಯ್ಡ್ ಡೇಸ್ ಅಂತ ಇರುವ ಜಾಗವನ್ನು ಮೊದಲು ನೋಡಿ. ಅಲ್ಲಿ ಒಂದು ದಿನ ಕಮ್ಮಿ ಬಿದ್ದಿದ್ದರೆ ಕೆಳಗಿನ ಎಲ್ಲ ಸಾಲೂ ಕಮ್ಮಿಯಾಗುತ್ತೆ.

ಎಚ್‌ಆರ್‌ಎ ಸಾಲಿನಿಂದ ನನಗೆ ಎರಡು ದಿನ ಹಾಳಾಯಿತು. ರೂಮ್‌ಮೇಟ್ ಹಾಸನದವಳು, ಎರಡು ವರ್ಷದಿಂದ ಕೆಲಸದಲ್ಲಿದ್ದಾಳೆ. "ಬಾಡಿಗೆ ರಸೀದಿ ಇಟ್ಕೊಳ್ಳೇ, ಇಲ್ಲಾಂದ್ರೆ ಟ್ಯಾಕ್ಸ್ ಹಿಡೀತಾರೆ," ಅಂದಳು. ನಾನು ಪಿಜಿ ಆಂಟಿಯ ಹಿಂದೆ ಬಿದ್ದೆ. "ರಸೀದಿ ಎಲ್ಲ ನಾವು ಕೊಡಲ್ಲಮ್ಮ, ಬೇಕೇ ಬೇಕು ಅಂದ್ರೆ ಬಾಡಿಗೆ ಜಾಸ್ತಿ ಆಗುತ್ತೆ," ಅಂದರು. ರಾತ್ರಿ ಮತ್ತೆ ಕೇಳಿದೆ, ಬೆಳಿಗ್ಗೆ ಮತ್ತೆ ಕೇಳಿದೆ. ಕೊನೆಗೆ ನಮ್ಮ ಲ್ಯಾಬಿನ ಸೀನಿಯರ್ ಒಬ್ಬರು ಕೂರಿಸಿ ಬಿಡಿಸಿ ಹೇಳಿದರು. ಎಚ್‌ಆರ್‌ಎ ವಿನಾಯಿತಿ ಇರುವುದು ಹಳೆಯ ತೆರಿಗೆ ಪದ್ಧತಿಯಲ್ಲಿ. ಹೊಸ ಪದ್ಧತಿಯಲ್ಲಿ ಇಲ್ಲ. ನಾವೇ ಹಳೆಯದು ಬೇಕು ಅಂತ ಬರೆದುಕೊಡದಿದ್ದರೆ ಹೊಸದೇ ಅನ್ವಯ. ಆ ಹೊಸ ಪದ್ಧತಿಯಲ್ಲಿ 2025-26ಕ್ಕೆ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದ ಮೇಲೆ ಹನ್ನೆರಡು ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಕಟ್ಟುವಂತಿಲ್ಲ. ನನ್ನದು ಮೂರು ಲಕ್ಷ. ಟಿಡಿಎಸ್ ಸೊನ್ನೆ ಇದ್ದದ್ದು ಸರಿಯೇ. ಪಿಜಿ ಆಂಟಿಯ ಜೊತೆ ಸುಮ್ನೆ ಮನಸ್ತಾಪ ಆಯಿತಲ್ಲ ಅಂತ ಬೇಜಾರಾಯಿತು. ಸಂಜೆ ಹೋಗಿ ರಸೀದಿ ಬೇಡ ಅಂತ ಹೇಳಿ ಬಂದೆ.

ಪಿಎಫ್ ಸಾಲು ಅರ್ಥವಾಗಲು ಎರಡು ಹಾಳೆಯನ್ನೂ ಪಕ್ಕಪಕ್ಕ ಇಡಬೇಕಾಯಿತು. ಬೇಸಿಕ್ಕಿನ ನೂರಕ್ಕೆ ಹನ್ನೆರಡು ನನ್ನ ಪಾಲು. 12,097ಕ್ಕೆ ಅದು 1,452. ಪೂರ್ತಿ ತಿಂಗಳಾದರೆ 1,800. ಅಷ್ಟನ್ನೇ ಕಂಪನಿಯೂ ಹಾಕುತ್ತೆ. ಆದರೆ ಕಂಪನಿಯ ಪಾಲು ನನ್ನ ಸಿಟಿಸಿಯಲ್ಲೇ ಮೊದಲೇ ಸೇರಿದೆ, ಆ 21,600 ಅದೇ. ಹಾಗಾಗಿ ಪೂರ್ತಿ ತಿಂಗಳಿಗೆ ಮೂವತ್ತು ಸಾವಿರದ ಲೆಕ್ಕದಿಂದ ಒಟ್ಟು 3,600 ಪಿಎಫ್ ಕಡೆಗೆ ಹೋಗುತ್ತೆ. ಸ್ಲಿಪ್ಪಿನಲ್ಲಿ ಕಾಣುವುದು ಅರ್ಧ ಮಾತ್ರ.

ಇದು ಕಳೆದುಹೋದ ದುಡ್ಡಲ್ಲ, ನನ್ನ ಹೆಸರಿನಲ್ಲೇ ಇರುತ್ತೆ. ಆದರೆ ಎಲ್ಲವೂ ಒಂದೇ ಡಬ್ಬಿಗೆ ಬೀಳುವುದಿಲ್ಲ. ನನ್ನ ಪಾಲು ಪೂರ್ತಿ ಪಿಎಫ್‌ಗೆ. ಕಂಪನಿಯ ಪಾಲಿನಲ್ಲಿ ಬೇಸಿಕ್ಕಿನ 8.33 ಶೇಕಡ ಪಿಂಚಣಿ ನಿಧಿಗೆ, ಉಳಿದ 3.67 ಶೇಕಡ ಪಿಎಫ್‌ಗೆ. ಜುಲೈ ಲೆಕ್ಕದಲ್ಲಿ 1,008 ಪಿಂಚಣಿಗೆ, 444 ಪಿಎಫ್‌ಗೆ. ಪಿಂಚಣಿಗೆ ಹೋಗಿದ್ದು ಪಿಎಫ್ ಬ್ಯಾಲೆನ್ಸಿನಲ್ಲಿ ಸೇರುವುದಿಲ್ಲ. ಇದು ಗೊತ್ತಿಲ್ಲದೆ ಪಾಸ್‌ಬುಕ್ ನೋಡಿದರೆ ಕಂಪನಿ ಕಮ್ಮಿ ಕಟ್ಟಿದೆ ಅಂತಲೇ ಅನ್ನಿಸುತ್ತೆ.

ಇಷ್ಟಾದ ಮೇಲೆ ಉಳಿದಿದ್ದು ಒಂದೇ ಸಾಲು. ಇಎಸ್‌ಐ 152. ಮೊತ್ತ ಚಿಕ್ಕದು. ಬಿಟ್ಟುಬಿಡೋಣ ಅನ್ನಿಸಿತ್ತು. ಆದರೆ ಆಫರ್ ಲೆಟರಿನ ಕೊನೆಯ ಪುಟದಲ್ಲಿ ಇಎಸ್‌ಐ ಅನ್ನೋ ಪದವೇ ಇರಲಿಲ್ಲ. ಅಪ್ಪನಿಗೆ ಹೇಳಿದಾಗ, "ಬರ್ದಿಲ್ದೇ ಇರೋದು ಹಿಡ್ದವ್ರೆ ಅಂದ್ರೆ ಕೇಳ್ಲೇಬೇಕು," ಅಂದರು.

ಇಎಸ್‌ಐ ಅಂದರೆ ಕಾರ್ಮಿಕರ ರಾಜ್ಯ ವಿಮೆ. ನೌಕರರ ಪಾಲು ಸಂಬಳದ 0.75 ಶೇಕಡ, ಕಂಪನಿಯದ್ದು 3.25 ಶೇಕಡ. ತಿಂಗಳ ಸಂಬಳ 21,000ದವರೆಗೆ ಇರುವವರಿಗೆ ಮಾತ್ರ ಇದು. ನನ್ನದು 25,000. ಮತ್ತೆ ಯಾಕೆ ಹಿಡಿದರು? ಉತ್ತರ ಸ್ಲಿಪ್ಪಿನಲ್ಲೇ ಇತ್ತು. ಆ ತಿಂಗಳು ಸಿಕ್ಕಿದ್ದು 20,162. ಅದರ 0.75 ಶೇಕಡ 151 ರೂಪಾಯಿ ಚಿಲ್ಲರೆ, ಮೇಲಕ್ಕೆ ಏರಿಸಿದರೆ 152. ಅಂದರೆ ಸಾಫ್ಟ್‌ವೇರ್ ನನ್ನ ತಿಂಗಳ ಸಂಬಳ ನೋಡದೆ, ಆ 25 ದಿನಕ್ಕೆ ಸಿಕ್ಕಿದ ಮೊತ್ತ ನೋಡಿ ಇವಳು 21,000ದ ಒಳಗಿದ್ದಾಳೆ ಅಂತ ತಿಳಿದಿತ್ತು. ನಿಯಮ ಹಾಗಿಲ್ಲ. ಪೂರ್ತಿ ತಿಂಗಳಿಗೆ ಗೊತ್ತುಮಾಡಿದ ಸಂಬಳವೇ ಲೆಕ್ಕ. ತಿಂಗಳ ನಡುವೆ ಸೇರಿದ್ದಕ್ಕೋ, ರಜೆ ಹಾಕಿದ್ದಕ್ಕೋ ಸಂಬಳ ಇಳಿದರೆ ಅದನ್ನು ಹಿಡಿಯುವಂತಿಲ್ಲ.

ಒಂದು ರಾತ್ರಿ ನಿದ್ದೆ ಬರಲಿಲ್ಲ ಅಂತ ಒಪ್ಪಿಕೊಳ್ಳುತ್ತೇನೆ. ಅಮ್ಮನಿಗೆ ಮಂಡಿ ನೋವು, ತಿಂಗಳಿಗೆ ಎರಡು ಸಲ ಆಸ್ಪತ್ರೆ. ಇಎಸ್‌ಐ ಇದ್ದರೆ ನಮ್ಮನ್ನೇ ನಂಬಿಕೊಂಡಿರುವ ತಂದೆ ತಾಯಿಗೂ ಚಿಕಿತ್ಸೆ ಸಿಗುತ್ತೆ. ಕಂಪನಿಯ ವಿಮೆಯಲ್ಲಿ ಅವರಿಲ್ಲ. 152ಕ್ಕೆ ಅಮ್ಮನ ಖರ್ಚು ಕಳೆಯುತ್ತೆ ಅಂದರೆ ಸುಮ್ಮನಿದ್ದುಬಿಡಲೇ ಅಂತ ಬಹಳ ಹೊತ್ತು ಯೋಚಿಸಿದೆ. ಆದರೆ ಅರ್ಹತೆ ಇಲ್ಲದೆ ಪಡೆದಿದ್ದು ನಾಳೆ ಸಂಬಳದ ಕಾಗದ ತೋರಿಸುವಾಗ ನಿಲ್ಲುವುದಿಲ್ಲ. ಅಮ್ಮ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿರುವಾಗ ಹಾಗಾಗುವುದು ನನಗೆ ಬೇಡವಾಗಿತ್ತು. ಬೆಳಿಗ್ಗೆ ಈಮೇಲ್ ಬರೆದೆ.

ಎಚ್‌ಆರ್‌ನಿಂದ ಬಂದ ಮೊದಲ ಉತ್ತರ ಒಂದೇ ಸಾಲು: ಇದು ಸಿಸ್ಟಮ್ ಹಾಕಿದ ಲೆಕ್ಕ, ಸರಿಯಾಗಿದೆ. ಎರಡು ದಿನ ಬಿಟ್ಟು ಅವರ ಟೇಬಲ್ಲಿನ ಹತ್ತಿರ ಹೋದೆ. ಸ್ಲಿಪ್ಪಿನ ಪ್ರಿಂಟ್, ಆಫರ್ ಲೆಟರಿನ ಕೊನೆಯ ಪುಟ, ಎರಡನ್ನೂ ಹಿಡಿದುಕೊಂಡಿದ್ದೆ. 25,000 ಮತ್ತು 20,162 ಎರಡರ ಕೆಳಗೂ ಗೆರೆ ಎಳೆದಿದ್ದೆ. ಕೈ ನಡುಗುತ್ತಿತ್ತು, ಸೇರಿ ಒಂದೇ ತಿಂಗಳಾಗಿತ್ತಲ್ಲ. "ಮೇಡಮ್, ನನ್ನ ತಿಂಗಳ ಸಂಬಳ 21,000 ದಾಟುತ್ತೆ. ಸೇರಿದ ದಿನದ ಲೆಕ್ಕದಲ್ಲಿ ಮಾತ್ರ ಕಮ್ಮಿ ಬಂದಿದೆ," ಅಂದೆ. ಅವರು ಎರಡೂ ಹಾಳೆಯನ್ನು ನೋಡಿ, ಪಕ್ಕದಲ್ಲಿದ್ದ ಅಕೌಂಟ್ಸಿನವರನ್ನು ಕರೆದರು. ಅವರು ಒಂದು ನಿಮಿಷ ನೋಡಿ, "ಹೌದು, ಜುಲೈನಲ್ಲಿ ಸೇರಿದವರಿಗೆಲ್ಲ ಹೀಗೇ ಹೋಗಿರಬೇಕು," ಅಂದರು. ನನ್ನ ಜೊತೆ ಸೇರಿದ್ದ ಇನ್ನೂ ಇಬ್ಬರಿಗೆ ಅದೇ ತಪ್ಪು ಆಗಿತ್ತು.

ಇಲ್ಲಿ ದಿನಾಂಕ ಮುಖ್ಯ. ಒಂದು ತಿಂಗಳ ಇಎಸ್‌ಐ ಮತ್ತು ಪಿಎಫ್ ಎರಡನ್ನೂ ಕಂಪನಿ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ನಾನು ಹೋದದ್ದು ಆಗಸ್ಟ್ 8ಕ್ಕೆ. ಇನ್ನೂ ಕಟ್ಟಿರಲಿಲ್ಲ, ನನ್ನ ಹೆಸರನ್ನು ನೋಂದಾಯಿಸಿರಲೂ ಇಲ್ಲ. ಹಾಗಾಗಿ ಪಟ್ಟಿಯಿಂದ ತೆಗೆಯುವುದು ಸುಲಭವಾಯಿತು. ಕಟ್ಟಿ ಆದ ಮೇಲೆ ಹೋಗಿದ್ದರೆ ಇಷ್ಟು ಸಲೀಸಾಗಿ ಮುಗಿಯುತ್ತಿರಲಿಲ್ಲ. ಇಎಸ್‌ಐನಲ್ಲಿ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್ ಅಂತ ಆರಾರು ತಿಂಗಳ ಅವಧಿ ಇದೆ. ಒಳಗಿದ್ದವರ ಸಂಬಳ ನಡುವೆ 21,000 ದಾಟಿದರೂ ಆ ಅವಧಿ ಮುಗಿಯುವವರೆಗೆ ಕಡಿತ ಮುಂದುವರಿಯುತ್ತೆ. ಹಾಗಾಗಿ ಮೊದಲ ತಿಂಗಳಲ್ಲಿ ತಪ್ಪಾಗಿ ಒಳಗೆ ಸೇರಿಸಿದರೆ ಅದು ಆ ತಿಂಗಳಿಗೇ ನಿಲ್ಲುವುದಿಲ್ಲ. ತಿಂಗಳ ನಡುವೆ ಸೇರಿದವರು, ಅದರಲ್ಲೂ 21,000ಕ್ಕಿಂತ ಸ್ವಲ್ಪ ಮೇಲಿನ ಸಂಬಳ ಇರುವವರು, ಈ ಒಂದು ಸಾಲನ್ನು 15ರ ಒಳಗೆ ನೋಡಿಬಿಡಿ. ನಿಜವಾಗಿಯೂ 21,000ದ ಒಳಗಿನ ಸಂಬಳ ಇರುವವರು ಇದನ್ನು ತೆಗೆಸಲು ಹೋಗಬೇಡಿ. ಅದು ನಿಮ್ಮ ಹಕ್ಕು, ಮನೆಯವರಿಗೂ ಆಸರೆ.

ಪಿಎಫ್ ಪಾಸ್‌ಬುಕ್ಕನ್ನು ನಾನು ಸಂಬಳ ಬಂದ ಮರುದಿನವೇ ನೋಡಿ ಗಾಬರಿಯಾಗಿದ್ದೆ, ಏನೂ ಇರಲಿಲ್ಲ. ಕಂಪನಿ ಕಟ್ಟುವುದೇ 15ರ ಹೊತ್ತಿಗೆ ಅಂದ ಮೇಲೆ ಅಲ್ಲಿಯವರೆಗೆ ಏನೂ ಕಾಣುವುದಿಲ್ಲ. ಆಗಸ್ಟ್ 20ರ ಸುಮಾರಿಗೆ ಮತ್ತೆ ತೆರೆದೆ. ನನ್ನದು 1,452, ಕಂಪನಿಯದ್ದು 444, ಪಿಂಚಣಿ 1,008. ಮೂರೂ ಹೊಂದಿದವು. ಇಂಟರ್ನೆಟ್ ಇಲ್ಲದಾಗ ಮೆಸೇಜಿನಲ್ಲೂ ತಿಳಿಯಬಹುದು. ನಮ್ಮ ಪಿಎಫ್ ನಂಬರಾದ ಯುಎಎನ್‌ಗೆ ಕೊಟ್ಟಿರುವ ಮೊಬೈಲಿನಿಂದ 7738299899ಕ್ಕೆ ಹೀಗೆ ಕಳಿಸಿ:

```
EPFOHO UAN KAN
```

ಕೊನೆಯ ಮೂರು ಅಕ್ಷರ ಉತ್ತರ ಕನ್ನಡದಲ್ಲಿ ಬೇಕು ಅನ್ನುವುದಕ್ಕೆ. ಮೊದಲು ಯುಎಎನ್ ಆಕ್ಟಿವೇಟ್ ಆಗಿರಬೇಕು, ಆಧಾರ್ ಜೋಡಣೆ ಆಗಿರಬೇಕು. ಆಧಾರಿನಲ್ಲಿ ಇನಿಷಿಯಲ್ ಮಾತ್ರ, ಪ್ಯಾನ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಇದ್ದರೆ ಈಗಲೇ ಸರಿಮಾಡಿಸಿಕೊಳ್ಳಿ. ನಮ್ಮ ಕಡೆಯ ಹೆಸರುಗಳಲ್ಲಿ ಈ ತೊಂದರೆ ಜಾಸ್ತಿ.

ಆಗಸ್ಟ್ ತಿಂಗಳ ಸಂಬಳ 23,152 ಬಂತು. ಈ ಸಲ ಮೆಸೇಜ್ ಬರುವ ಮುಂಚೆಯೇ ನೋಟ್‌ಬುಕ್ಕಿನಲ್ಲಿ ಅದೇ ಮೊತ್ತ ಬರೆದಿಟ್ಟಿದ್ದೆ. ಆ ವಾರ ಊರಿಗೆ ಹೋದಾಗ ಸ್ಲಿಪ್ಪಿನ ಪ್ರಿಂಟ್ ತಗೊಂಡು ಹೋದೆ. ಅಪ್ಪ ಜಗಲಿಯ ಮೇಲೆ ಕೂತು, ಕನ್ನಡಕ ಹಾಕಿಕೊಂಡು, ಕಿವಿಯ ಮೇಲಿಂದ ಪೆನ್ಸಿಲ್ ತೆಗೆದರು. ಇಂಗ್ಲಿಷ್ ಅಕ್ಷರ ನಾನು ಓದುತ್ತಾ ಹೋದೆ, ಅವರು ಅಂಕಿ ನೋಡುತ್ತಾ ಹೋದರು. ಗ್ರಾಸ್ 25,000ಕ್ಕೆ ಒಂದು ಗುರುತು. ಪಿಎಫ್ 1,800ಕ್ಕೆ ಒಂದು ಗುರುತು. ವಾಪಸ್ ಬಂದ 152ಕ್ಕೆ ಸುತ್ತ ಗೆರೆ ಎಳೆದರು. ಆಮೇಲೆ ಪೆನ್ಸಿಲ್ ನಿಂತಿತು.

"ಇದೇನಮ್ಮ ಇನ್ನೂರು? ಹೋದ ತಿಂಗಳು ಇರ್ಲಿಲ್ವಲ್ಲ?"

ಪ್ರೊಫೆಷನಲ್ ಟ್ಯಾಕ್ಸ್. ಕರ್ನಾಟಕ ಸರ್ಕಾರ ಸಂಬಳದವರಿಂದ ತಗೊಳ್ಳುವ ವೃತ್ತಿ ತೆರಿಗೆ. ತಿಂಗಳಿಗೆ 25,000 ಮತ್ತು ಅದಕ್ಕಿಂತ ಹೆಚ್ಚು ಬಂದರೆ 200 ಹಿಡಿಯುತ್ತಾರೆ. ಜುಲೈನಲ್ಲಿ ನನಗೆ ಬಂದಿದ್ದು 20,162, ಅದಕ್ಕೇ ಇರಲಿಲ್ಲ. ಈ ತಿಂಗಳು ಸರಿಯಾಗಿ 25,000. ಫೆಬ್ರವರಿಯಲ್ಲಿ ಮಾತ್ರ 300 ಹಿಡಿದು ವರ್ಷಕ್ಕೆ 2,500 ಮಾಡುತ್ತಾರೆ ಅಂತಲೂ ಹೇಳಿದೆ.

ಅಪ್ಪ ಒಂದು ಸಲ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಹನ್ನೊಂದು ಇನ್ನೂರು, ಮೇಲೊಂದು ಮುನ್ನೂರು. ತಲೆಯಾಡಿಸಿ, ಇನ್ನೂರರ ಪಕ್ಕ ಗುರುತು ಹಾಕಿ, ಹಾಳೆಯನ್ನು ಮಡಿಚಿ ಕೊಬ್ಬರಿ ಪಟ್ಟಿಗಳ ಕಟ್ಟಿನ ಮೇಲಿಟ್ಟರು.